ಅಪ್‌ಡೇಟ್: ಪರೀಕ್ಷೆ ಮುಗಿದ ಮೇಲಿನ ಪ್ರವಾಸ ಮತ್ತು ವಿಮಾನ ದರ

ನನ್ನ ಪ್ರಶ್ನೆ: ‘ಇಬ್ಬರು ಮಕ್ಕಳ ಪರೀಕ್ಷೆಗಳು ಬೇರೆ ಬೇರೆ ದಿನ ಮುಗಿಯುತ್ತವೆ. ರಜೆಯ ದುಬಾರಿ ದರ ತಪ್ಪಿಸಿ ನಾಲ್ವರೂ ವಿಮಾನದಲ್ಲಿ ಹೋಗಿಬರುವುದು ಹೇಗೆ?’

ಪ್ರವಾಸ ಮುಗಿಸಿ ಬಂದಿದ್ದೇವೆ. ಮರಳುವ ದಿನವನ್ನೇ ಮೊದಲು ನಿಗದಿಪಡಿಸಿ ಎಂಬ ಸಲಹೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಪರೀಕ್ಷೆಗಳು ಒಂದೊಂದು ತರಗತಿಗೆ ಒಂದೊಂದು ದಿನ ಮುಗಿಯುವುದರಿಂದ ಹೊರಡುವವರ ದಟ್ಟಣೆ ಹಂಚಿಹೋಗುತ್ತದೆ. ಆದರೆ ಶಾಲೆ ತೆರೆಯುವ ಮುನ್ನಿನ ಶನಿವಾರ, ಭಾನುವಾರ ಎಲ್ಲರೂ ಒಟ್ಟಿಗೆ ಹಿಂದಿರುಗುತ್ತಾರೆ. ನಾವು ಅದಕ್ಕೂ ಮೊದಲಿನ ಬುಧವಾರ ಮರಳಿದೆವು, ಹೊರಟದ್ದು ದೊಡ್ಡವಳ ಕೊನೆಯ ಪರೀಕ್ಷೆಯ ನಂತರದ ಮಂಗಳವಾರ.

ಬ್ರೌಸರ್ ಇತಿಹಾಸ ಅಳಿಸಿ ಹುಡುಕಿದರೂ ದರ ಕದಲಲಿಲ್ಲ. ಕೊನೆಯ ಗಳಿಗೆಯವರೆಗೆ ಕಾಯುವ ಸಲಹೆಯನ್ನು, ರಜೆಯ ಕಾಲವಾದ್ದರಿಂದ, ನಾನು ಪರಿಗಣಿಸಲೇ ಇಲ್ಲ.

ನನಗೆ ಅಚ್ಚರಿಯೆನಿಸಿದ ಸಂಗತಿಯೊಂದಿದೆ. ಕಡಿಮೆ ದರದ ಸೀಟುಗಳು ಎರಡೇ ಉಳಿದಿದ್ದಾಗ ನಾಲ್ವರಿಗೆ ಒಟ್ಟಿಗೆ ಹುಡುಕಿದರೆ, ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ದರವೇ ಬೀಳುತ್ತದೆ. ಒಬ್ಬರಿಗೆಂದು ಹುಡುಕಿದಾಗ ದರ ಇಳಿದದ್ದು ಇದರ ಸುಳಿವಾಗಿತ್ತು. ಆದ್ದರಿಂದ ಒಬ್ಬ ದೊಡ್ಡವರು, ಒಂದು ಮಗು ಎಂಬಂತೆ ಎರಡು ಬುಕಿಂಗ್ ಮಾಡಿದೆವು. ವಿಮಾನ ರದ್ದಾದರೆ ಎರಡು ಜೋಡಿಗೂ ಬೇರೆ ಬೇರೆ ವಿಮಾನ ಸಿಗಬಹುದು ಎಂಬ ಅಪಾಯ ಇದರಲ್ಲಿದೆ; ಮಕ್ಕಳು ತೀರ ಚಿಕ್ಕವರಾಗಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ.