ಮೊಬೈಲ್ ಸುತ್ತೋಲೆಯಲ್ಲಿ ‘ಕಠಿಣ ಕ್ರಮ’ ಅಂತ ಬರೆದರೆ ಸಾಕಾಗಲ್ಲ

ಕೇಳಿದವರು: ಶಾಲೆಯ ಮೊಬೈಲ್ ನಿಯಮದ ಸುತ್ತೋಲೆ ಬರೆಯುವ ಕೆಲಸ ನನಗೆ ಬಂದಿದೆ. ಮಕ್ಕಳಿಗೂ ಪೋಷಕರಿಗೂ ಒಂದೇ ಪತ್ರ. ಕಾರಣವೂ ಶಿಕ್ಷೆಯೂ ನೇರವಾಗಿ ಇರಬೇಕು. ಹಿಂದೆ ಬರೆದವರು ನಿಮ್ಮ ಅನುಭವ ಹೇಳಿ.

ನಿವೃತ್ತ ಮುಖ್ಯ ಶಿಕ್ಷಕಿ: ನನ್ನ ಮೊದಲ ಸುತ್ತೋಲೆ ಎರಡೇ ಸಾಲು. “ಶಾಲೆಗೆ ಮೊಬೈಲ್ ತರುವಂತಿಲ್ಲ. ತಂದರೆ ಕಠಿಣ ಕ್ರಮ ಕೈಗೊಳ್ಳಲಾಗುವುದು.” ಮೂರನೇ ದಿನವೇ ಸಿಕ್ಕಿಬಿದ್ದೆವು. ಎಂಟನೇ ತರಗತಿಯ ಹುಡುಗಿಯೊಬ್ಬಳ ಬ್ಯಾಗಿನಲ್ಲಿ ಫೋನ್ ರಿಂಗಾಯಿತು, ಶಿಕ್ಷಕರು ಅದನ್ನು ತೆಗೆದುಕೊಂಡು ಶನಿವಾರದವರೆಗೆ ತಮ್ಮ ಡ್ರಾಯರಿನಲ್ಲಿ ಇಟ್ಟರು. ಅದೇ ವಾರ ಇನ್ನೊಬ್ಬ ಶಿಕ್ಷಕರು ಒಬ್ಬ ಹುಡುಗನ ಫೋನನ್ನು ಸಂಜೆಯೇ ವಾಪಸ್ ಕೊಟ್ಟಿದ್ದರು. ಹುಡುಗಿಯ ತಂದೆ ಬಂದು, ಅವನಿಗೆ ಸಂಜೆ, ನನ್ನ ಮಗಳಿಗೆ ಶನಿವಾರ, ಯಾಕೆ ಅಂತ ಕೇಳಿದರು. ಉತ್ತರ ಇರಲಿಲ್ಲ. ಫೋನಿನ ಗಾಜು ಬೇರೆ ಬಿರುಕು ಬಿಟ್ಟಿತ್ತು. ಅದು ಮೊದಲೇ ಇತ್ತೋ ಡ್ರಾಯರಿನಲ್ಲಿ ಆಯಿತೋ, ಹೇಳುವವರಿಲ್ಲ.

ಆಮೇಲೆ ಹೀಗೆ ಬರೆದೆವು: “ಫೋನ್ ತರಬಹುದು. ಗೇಟಿನ ಒಳಗೆ ಬಂದಾಗಿನಿಂದ ಸಂಜೆ ಹೊರಗೆ ಹೋಗುವವರೆಗೆ ಅದು ಆಫ್ ಆಗಿ ಬ್ಯಾಗಿನಲ್ಲಿ ಇರಬೇಕು. ಊಟದ ಬಿಡುವಿನಲ್ಲೂ ಇದೇ ನಿಯಮ. ಕೈಯಲ್ಲಿ ಕಂಡರೆ, ಸದ್ದಾದರೆ, ಫೋನ್ ಆಫೀಸಿಗೆ ಹೋಗುತ್ತದೆ. ಮೊದಲ ಸಲ ಅದೇ ಸಂಜೆ ವಿದ್ಯಾರ್ಥಿಗೇ ಕೊಡುತ್ತೇವೆ. ಎರಡನೇ ಸಲ ಪೋಷಕರು ಬಂದು ಸಹಿ ಹಾಕಿ ಒಯ್ಯಬೇಕು. ಮೂರನೇ ಸಲ ಆದರೆ, ಪರೀಕ್ಷೆ ಮುಗಿಯುವವರೆಗೆ ದಿನಾ ಬೆಳಿಗ್ಗೆ ಆಫೀಸಿನಲ್ಲಿ ಕೊಟ್ಟು ಸಂಜೆ ಪಡೆಯಬೇಕು. ದಂಡ ಇಲ್ಲ. ಫೋನ್ ತೆರೆದು ಒಳಗಿನದನ್ನು ಯಾರೂ ನೋಡುವುದಿಲ್ಲ.”

ಕೊನೆಯ ಆ ಎರಡು ಸಾಲಿನಿಂದಲೇ ಅರ್ಧ ಜಗಳ ನಿಂತಿತು. ಪ್ರತಿ ಫೋನನ್ನೂ ವಿದ್ಯಾರ್ಥಿಯ ಎದುರೇ ಕವರಿನಲ್ಲಿ ಹಾಕಿ, ಮೊದಲೇ ಇದ್ದ ಬಿರುಕನ್ನೂ ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿಸುತ್ತಿದ್ದೆವು.

ಶಾಲಾ ಆಫೀಸಿನವರು: ಅಷ್ಟೆಲ್ಲ ಬೇಡ. “ಫೋನ್ ಕಳೆದರೆ, ಒಡೆದರೆ ಶಾಲೆ ಹೊಣೆಯಲ್ಲ” ಅಂತ ಒಂದು ಸಾಲು ಹಾಕಿ ಪೋಷಕರ ಸಹಿ ತೆಗೆದುಕೊಳ್ಳಿ, ಮುಗಿಯಿತು.

ನಿವೃತ್ತ ಮುಖ್ಯ ಶಿಕ್ಷಕಿ: ಫೋನ್ ಮಗುವಿನ ಬ್ಯಾಗಿನಲ್ಲಿ ಇರುವವರೆಗೆ ಆ ಸಾಲು ಸರಿ. ನಾವೇ ಕಿತ್ತುಕೊಂಡ ಮೇಲೆ ಅದು ನಮ್ಮ ವಶದಲ್ಲಿದೆ, ಆಗ ಹೊಣೆಯಿಲ್ಲ ಅಂದರೆ ಯಾವ ಪೋಷಕರೂ ಒಪ್ಪಲ್ಲ. ಸಹಿ ಹಾಕಿಸುವ ಮುಂಚೆ ಕಾನೂನು ಬಲ್ಲವರಿಗೆ ಒಮ್ಮೆ ತೋರಿಸಿ.

ಒಬ್ಬ ತಾಯಿ: ನನ್ನ ಮಗನಿಗೆ ಟೈಪ್ 1 ಡಯಾಬಿಟೀಸ್. ತೋಳಿನ ಸೆನ್ಸರ್ ಬ್ಲೂಟೂತ್‌ನಲ್ಲಿ ಫೋನಿಗೆ ಸಕ್ಕರೆ ಪ್ರಮಾಣ ಕಳಿಸುತ್ತದೆ, ಕಡಿಮೆಯಾದರೆ ಫೋನೇ ಕೂಗುತ್ತದೆ. ಫೋನ್ ಆಫ್ ಮಾಡಿದರೆ ಆ ಕೂಗು ಇಲ್ಲ. ನಮ್ಮ ಶಾಲೆಯ ಸುತ್ತೋಲೆಯಲ್ಲಿ “ಯಾರಿಗೂ ವಿನಾಯಿತಿ ಇಲ್ಲ” ಅಂತ ಇತ್ತು. ಕ್ಲಾಸ್ ಟೀಚರಿಗೆ ವಿಷಯ ಗೊತ್ತಿತ್ತು. ಅವರು ರಜೆ ಹಾಕಿದ ದಿನ ಬದಲಿಗೆ ಬಂದವರು ಫೋನ್ ಕಿತ್ತುಕೊಂಡರು. ಆ ದಿನ ನಾನು ಎಷ್ಟು ಹೆದರಿದೆ ಅಂತ ಹೇಳಲಾರೆ. “ವೈದ್ಯರ ಪತ್ರ ಕೊಟ್ಟರೆ ವಿನಾಯಿತಿ, ಅದು ಎಲ್ಲ ಶಿಕ್ಷಕರಿಗೂ ಗೊತ್ತಿರುತ್ತದೆ” ಅಂತ ದಯವಿಟ್ಟು ಬರೆಯಿರಿ. ಮಗುವಿನ ಹೆಸರು ಸುತ್ತೋಲೆಯಲ್ಲಿ ಬೇಡ.

ಇನ್ನೊಬ್ಬ ಪೋಷಕರು: ನಾವು ಮನೆಯಲ್ಲಿ ರಾತ್ರಿ ಊಟದ ಮೇಲೆ ಎಲ್ಲರ ಫೋನೂ ಹಾಲ್‌ನಲ್ಲೇ ಇಡುತ್ತೇವೆ. ಮಗಳು ಬೇಗ ಮಲಗುತ್ತಾಳೆ. ಮನೆಯಲ್ಲೇ ಶುರು ಮಾಡಿ.

ಹತ್ತನೇ ತರಗತಿ ವಿದ್ಯಾರ್ಥಿನಿ: ಅವರು ಕೇಳಿದ್ದು ಶಾಲೆಯ ಪತ್ರದ ಬಗ್ಗೆ ಅಲ್ವಾ ಅಂಕಲ್. ಕಾರಣದ ಬಗ್ಗೆ ನಾನು ಒಂದು ಹೇಳ್ತೀನಿ. “ಮೊಬೈಲ್‌ನಿಂದ ಮಕ್ಕಳು ಹಾಳಾಗುತ್ತಿದ್ದಾರೆ” ಅಂತ ಬರೆದರೆ ನಾವು ಮುಂದೆ ಓದೋದೇ ಇಲ್ಲ. ನಮ್ಮ ಕ್ಲಾಸಲ್ಲಿ ಜಾಸ್ತಿ ರಿಂಗಾಗೋದು ಅಮ್ಮಂದಿರ ಕಾಲ್. ಅದು ಬಂದಾಗ ಪಾಠ ನಿಲ್ಲುತ್ತೆ, ಎಲ್ಲರೂ ತಿರುಗಿ ನೋಡ್ತಾರೆ. ಆಮೇಲೆ ಟಾಯ್ಲೆಟ್ ಹತ್ತಿರ ಯಾರೋ ಫೋಟೋ ತೆಗೆದಿದ್ದು ನಿಜವಾಗಿ ನಡೆದಿದೆ, ಆ ಹುಡುಗಿ ಒಂದು ವಾರ ಶಾಲೆಗೆ ಬರಲಿಲ್ಲ. ಇದನ್ನು ಬರೆದರೆ ಒಪ್ಪುತ್ತೇವೆ.

ನಿವೃತ್ತ ಮುಖ್ಯ ಶಿಕ್ಷಕಿ: ಸರಿಯಾಗಿ ಹೇಳಿದೆ ಮಗಳೇ. ಒಮ್ಮೆ ಗಮನ ತಪ್ಪಿದರೆ ಮತ್ತೆ ಪಾಠಕ್ಕೆ ಬರಲು 20 ನಿಮಿಷದವರೆಗೂ ಬೇಕಾಗಬಹುದು ಅಂತ ಯುನೆಸ್ಕೋದ 2023ರ ವರದಿಯಲ್ಲಿದೆ. ನಾನಾದರೆ ಅದಕ್ಕಿಂತ ಮೊದಲು ನೀನು ಹೇಳಿದ್ದನ್ನೇ ಬರೆಯುತ್ತೇನೆ. ಪೋಷಕರಿಗೂ ಒಂದು ನಿಯಮ ಬೇಕು: ಶಾಲೆ ಸಮಯದಲ್ಲಿ ಮಗುವಿನ ಫೋನಿಗೆ ಕರೆ ಮಾಡಬೇಡಿ, ತುರ್ತು ಇದ್ದರೆ ಆಫೀಸಿನ ಈ ನಂಬರಿಗೆ ಮಾಡಿ. ಆ ನಂಬರ್ ಎತ್ತಲು ಯಾರಾದರೂ ಇರಲೇಬೇಕು. ಎತ್ತದಿದ್ದರೆ ಮರುದಿನದಿಂದ ಮತ್ತೆ ಬ್ಯಾಗಿನಲ್ಲೇ ರಿಂಗಾಗುತ್ತದೆ.

ಗಣಿತ ಶಿಕ್ಷಕ: ಬ್ಯಾಗಿನಲ್ಲಿಟ್ಟರೆ ಮಕ್ಕಳು ಸುಮ್ನೆ ಸೈಲೆಂಟ್ ಮಾಡುತ್ತಾರೆ, ಆಫ್ ಮಾಡಲ್ಲ. ಬೆಳಿಗ್ಗೆ ಎಲ್ಲ ಫೋನೂ ಪೆಟ್ಟಿಗೆಗೆ ಹಾಕಿಸೋದೇ ವಾಸಿ.

ನಿವೃತ್ತ ಮುಖ್ಯ ಶಿಕ್ಷಕಿ: ನಲವತ್ತು ಫೋನ್ ಪಡೆದು ವಾಪಸ್ ಕೊಡುವುದರಲ್ಲೇ ಮೊದಲ ಪೀರಿಯಡ್ಡೂ ಕೊನೆಯದೂ ಸವೆಯಿತು, ಒಂದು ತಿಂಗಳು ಮಾಡಿ ನೋಡಿ ಬಿಟ್ಟುಬಿಟ್ಟೆವು. ಚಿಕ್ಕ ಶಾಲೆಯಾದರೆ ನಡೆಯಬಹುದೇನೋ.

ಕೇಳಿದವರು: ಶಿಕ್ಷಕರ ಫೋನ್ ಬಗ್ಗೆಯೂ ಅದೇ ಪತ್ರದಲ್ಲಿ ಬರೆದಿರಾ? ಮಕ್ಕಳು ಮೊದಲು ಕೇಳುವುದೇ ಅದು.

ನಿವೃತ್ತ ಮುಖ್ಯ ಶಿಕ್ಷಕಿ: “ತರಗತಿಯಲ್ಲಿ ಶಿಕ್ಷಕರೂ ಸ್ವಂತ ಕೆಲಸಕ್ಕೆ ಫೋನ್ ಬಳಸುವುದಿಲ್ಲ” ಅಂತ ನಾನು ಸೇರಿಸಿದೆ. ಸ್ಟಾಫ್ ಮೀಟಿಂಗಿನಲ್ಲಿ ಅದಕ್ಕೆ ತುಂಬ ವಿರೋಧ ಬಂತು. ಸಾಲು ಉಳಿಯಿತು, ಎಲ್ಲರೂ ಪಾಲಿಸಿದರು ಅಂತ ಹೇಳಲಾರೆ.