ಬೋರ್ಡಿನಲ್ಲಿ 30 ಡಿಗ್ರಿ, ಪಾತ್ರೆಯಲ್ಲಿ ತಣ್ಣಗಿನ ಹಿಟ್ಟು

ಹುಳಿಹಿಟ್ಟು: ಚಳಿಗೆ ಹಿಟ್ಟು ಉಬ್ಬುತ್ತಿಲ್ಲ ಅಂತ ಥರ್ಮಾಕೋಲ್ ಪೆಟ್ಟಿಗೆ ಮಾಡಿಕೊಂಡೆ. ಒಳಗೆ 60 ವ್ಯಾಟಿನ ಹಳೇ ಬಲ್ಬು, ಬಿಸಿ ಅಳೆದು ಬಲ್ಬು ಹಚ್ಚಿ ಆರಿಸುವ W1209 ಬೋರ್ಡು. ಸೆನ್ಸರ್ ಮುಚ್ಚಳದಿಂದ ಬಲ್ಬಿನ ಮೇಲೆ ನೇತಾಡುತ್ತಿದೆ. ರಾತ್ರಿಯಿಡೀ 28ರಿಂದ 30 ತೋರಿಸಿತು. ಬೆಳಿಗ್ಗೆ ನೋಡಿದರೆ ಬಲ್ಬಿನ ಕಡೆ ಹಿಟ್ಟು ಒಣಗಿದೆ, ಉಳಿದದ್ದು ಉಬ್ಬೇ ಇಲ್ಲ. ಬೋರ್ಡು ಕೆಟ್ಟಿದೆಯಾ?

ಮಜ್ಜಿಗೆಪ್ರಿಯ: 30 ಸಾಲದು, 42 ಇಡಿ. ನನ್ನ ಮೊಸರು ಐದು ಗಂಟೆಯಲ್ಲಿ ಗಟ್ಟಿಯಾಗುತ್ತದೆ.

ತಂತಿಜೋಡಕ: ಅವರು ಕೇಳಿದ್ದು ಹಿಟ್ಟಿನ ಬಗ್ಗೆ. 42ಕ್ಕೆ ಇಟ್ಟರೆ ಬೇಗ ಹುಳಿ ಏರುತ್ತದೆ, ಉಬ್ಬು ಸರಿಯಾಗಿ ಬರುವುದಿಲ್ಲ. ಬೋರ್ಡು ಸರಿಯಾಗೇ ಇದೆ. ಬಿಸಿ ಗಾಳಿ ಮೇಲಕ್ಕೆ ಹೋಗಿ ಸೆನ್ಸರಿಗೆ ತಾಗಿದ ತಕ್ಷಣ ಬಲ್ಬು ಆರುತ್ತದೆ, ಪಾತ್ರೆ ಇರುವ ತಳ ತಣ್ಣಗೇ ಉಳಿಯುತ್ತದೆ. ಬಲ್ಬು ಒಂದೆರಡು ನಿಮಿಷಕ್ಕೇ ಆರುತ್ತಿದೆಯಾ, ನೋಡಿ.

ಸುಮ್ನೆಕೇಳ್ದೆ: ಹಾಗಾದರೆ ಸೆನ್ಸರನ್ನು ಹಿಟ್ಟಿನೊಳಗೇ ಇಳಿಸಿ, ಮುಗೀತಲ್ವಾ?

ಹುಳಿಹಿಟ್ಟು: ಇಳಿಸಿದೆ. ಬಲ್ಬು ಎರಡು ಗಂಟೆ ಆರಲೇ ಇಲ್ಲ. ನಡುವೆ 27 ಇದ್ದಾಗ ಬಲ್ಬಿನ ಕಡೆಯ ಪಾತ್ರೆಯ ಗೋಡೆ 41! ಆರಿದ ಮೇಲೂ ನಡುವೆ 33ರವರೆಗೆ ಏರಿತು.

ತಂತಿಜೋಡಕ: ಅದೇ ತೊಂದರೆ. ಹಿಟ್ಟಿನ ನಡುವೆ ಬಿಸಿ ತಲುಪುವ ಹೊತ್ತಿಗೆ ಹೊರಗೆ ಜಾಸ್ತಿ ಬಿಸಿ ಸೇರಿರುತ್ತದೆ. ಸೆನ್ಸರನ್ನು ಪಾತ್ರೆಯ ಹೊರಗೋಡೆಗೆ, ಬಲ್ಬಿಗೆ ಎದುರಿನ ಬದಿಯಲ್ಲಿ ಅಂಟಿಸಿ. ಮೇಲೆ ಥರ್ಮಾಕೋಲ್ ಚೂರು ಮುಚ್ಚಿ, ಆಗ ಗಾಳಿಯನ್ನಲ್ಲ, ಪಾತ್ರೆಯನ್ನು ಓದುತ್ತದೆ. ಬಲ್ಬು 25 ವ್ಯಾಟಿಗೆ ಇಳಿಸಿ, ಪಾತ್ರೆಗೂ ಬಲ್ಬಿಗೂ ನಡುವೆ ತಗಡು ನಿಲ್ಲಿಸಿ. ಎಷ್ಟು ಡಿಗ್ರಿ ಇಳಿದ ಮೇಲೆ ಬಲ್ಬು ಮತ್ತೆ ಹತ್ತಬೇಕು ಅನ್ನುವುದು ಬೋರ್ಡಿನ P1, ಅದನ್ನು 2ರಿಂದ 0.5ಕ್ಕೆ ತನ್ನಿ. ಸಣ್ಣ ಬಲ್ಬು ನಿಧಾನ: 15 ಡಿಗ್ರಿಯ ಎರಡು ಕೆಜಿ ಹಿಟ್ಟು 30ಕ್ಕೆ ಏರಲು ಎರಡು ಮೂರು ಗಂಟೆ ಬೇಕು. ಅದಕ್ಕೇ ನಾನು ರುಬ್ಬುವಾಗಲೇ ಉಗುರು ಬೆಚ್ಚಗಿನ ನೀರು ಹಾಕುತ್ತೇನೆ. ಹಿಟ್ಟು ಹಾಳು ಮಾಡುವ ಮೊದಲು ಅಷ್ಟೇ ನೀರಿಟ್ಟು, ಬೇರೆ ಥರ್ಮಾಮೀಟರಿನಲ್ಲಿ ನಡುವಿನ ಬಿಸಿ ನೋಡಿ.

ಇನ್ನೊಂದು, ಬೋರ್ಡಿನಲ್ಲಿ ಬಲ್ಬಿನ ಸ್ವಿಚ್ಚಾಗಿರುವ ರಿಲೇ ಅಂಟಿಕೊಂಡರೆ ಬಲ್ಬು ಆರುವುದೇ ಇಲ್ಲ, ಥರ್ಮಾಕೋಲ್ ಕರಗುತ್ತದೆ. ಬಲ್ಬಿನ ತಂತಿಯಲ್ಲಿ, ಬಿಸಿ ಮೀರಿದರೆ ಕರೆಂಟು ಕಡಿಯುವ ಒಂದು ಥರ್ಮಲ್ ಫ್ಯೂಸ್ ಇರಲಿ.

ಹುಳಿಹಿಟ್ಟು: ನೀರಿನಲ್ಲಿ ನೋಡಿದೆ. ಮೂರು ಗಂಟೆಯಲ್ಲಿ ನಡುವೆ 29.5, ಆಮೇಲೆ ಅರ್ಧ ಡಿಗ್ರಿಗಿಂತ ಜಾಸ್ತಿ ಆಡಲಿಲ್ಲ. ಇವತ್ತು ಹಿಟ್ಟು ಇಟ್ಟೆ, ಹತ್ತು ಗಂಟೆಯಲ್ಲಿ ಮುಚ್ಚಳ ಮುಟ್ಟಿತು! ಮೇಲ್ಪದರ ಮಾತ್ರ ತುಸು ತಣ್ಣಗೆ ಅನ್ನಿಸಿತು. ಫ್ಯಾನ್ ಬೇಕಾ?

ಸುಮ್ನೆಕೇಳ್ದೆ: ಕಂಪ್ಯೂಟರಿನ ಹಳೇ ಫ್ಯಾನ್ ಹಾಕಿ.

ತಂತಿಜೋಡಕ: ಹಾಕಬಹುದು, ಆದರೆ ಗಾಳಿ ಬೀಸಿದರೆ ಹಿಟ್ಟು ಒಣಗುತ್ತದೆ. ಮೊದಲು ಪಾತ್ರೆಗೆ ತಟ್ಟೆ ಸರಿಯಾಗಿ ಮುಚ್ಚಿ ನೋಡಿ.

ಮಜ್ಜಿಗೆಪ್ರಿಯ: ಮೊಸರಿಗೆ ಇದೇ ಪೆಟ್ಟಿಗೆ 42 ಮುಟ್ಟುತ್ತದಾ? 25 ವ್ಯಾಟಿನಲ್ಲಿ ನನ್ನದು 36ಕ್ಕೆ ನಿಂತುಬಿಡುತ್ತದೆ.