ಬರವಣಿಗೆಯ ಮಾದರಿ ಕೇಳಿದ್ದಾರೆ, ಜೊತೆಯ ಪತ್ರದಲ್ಲಿ ಏನು ಬರೆಯಲಿ?

ಕೇಳಿದವರು, ವಿಜಯಪುರ: ಬೆಳಗಾವಿಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ವರದಿ ಬರೆಯುವ ಕೆಲಸ ಖಾಲಿ ಇದೆ. ಅರ್ಜಿಯ ಜೊತೆ ಎರಡು ಪುಟ ಮೀರದ ಬರವಣಿಗೆಯ ಮಾದರಿ ಕಳುಹಿಸಿ ಎಂದಿದ್ದಾರೆ. ನನ್ನ ಬಳಿ ಇರುವುದು ಇಳಕಲ್ ನೇಕಾರರ ಸಾಲದ ಬಗ್ಗೆ ಹಿಂದಿನ ಕೆಲಸದಲ್ಲಿ ಬರೆದ 14 ಪುಟಗಳ ವರದಿ. ಮೇಲಿನವರು ತಿದ್ದಿದ್ದು, ನೇಕಾರರ ಹೆಸರುಗಳೂ ಇವೆ. ಪತ್ರದಲ್ಲಿ ಇದರ ಬಗ್ಗೆ ಏನಾದರೂ ಹೇಳಬೇಕೇ?

ಬಾಗಲಕೋಟೆ, ನವನಗರದಿಂದ: ಪತ್ರ ಒಂದು ಪುಟ ದಾಟಬಾರದು, ಅಷ್ಟೇ. ಮಾದರಿ ತಾನೇ ಮಾತನಾಡುತ್ತದೆ. ಕೊನೆಯಲ್ಲಿ ‘ಲಗತ್ತು: ಬರವಣಿಗೆಯ ಮಾದರಿ’ ಎಂದು ಹಾಕಿ ಕಳುಹಿಸಿಬಿಡಿ.

ಮುದ್ದೇಬಿಹಾಳದ ಹಿರಿಯರು: ತಮ್ಮಾ, ನಮ್ಮ ಕಾಲದಲ್ಲೂ ಕೇಳುತ್ತಿದ್ದರು. ನಾನು ಕಪ್ಪು ಶಾಯಿಯಲ್ಲಿ, ಗೆರೆ ಹಾಕಿದ ಹಾಳೆಯ ಮೇಲೆ ಬರೆದು ಕೊಟ್ಟಿದ್ದೆ. ಅಕ್ಷರ ಮುತ್ತು ಪೋಣಿಸಿದಂತಿದ್ದರೆ ಅರ್ಧ ಕೆಲಸ ಸಿಕ್ಕಂತೆಯೇ.

ಬೆಳಗಾವಿ, ಟಿಳಕವಾಡಿಯಿಂದ: ಹಿರಿಯರೇ, ಇವರು ಕೇಳುತ್ತಿರುವುದು ಕೈಬರಹವನ್ನಲ್ಲ. ಪತ್ರ ಚಿಕ್ಕದಿರಲಿ ಎಂಬ ನವನಗರದವರ ಮಾತು ಸರಿ, ಮಾದರಿಯ ಬಗ್ಗೆ ಬಾಯಿ ಬಿಡಬೇಡಿ ಎಂಬುದು ತಪ್ಪು. ಇಂತಹ ಅರ್ಜಿಗಳನ್ನು ವರ್ಷಗಟ್ಟಲೆ ಜರಡಿ ಹಿಡಿದವಳು ನಾನು. ಹಿಂದುಮುಂದಿಲ್ಲದ ಎರಡು ಪುಟ ಕೈಗೆ ಬಂದರೆ ಮೊದಲು ಏಳುವ ಪ್ರಶ್ನೆ, ಇದರಲ್ಲಿ ಈ ಅಭ್ಯರ್ಥಿಯದು ಎಷ್ಟು ಎಂಬುದು. ಅದಕ್ಕೆ ಉತ್ತರ ಪತ್ರದಲ್ಲೇ ಇರಬೇಕು, ಎರಡನೆಯ ಪ್ಯಾರಾದಲ್ಲಿ, ಹೀಗೆ:

‘ಲಗತ್ತಿಸಿರುವ ಎರಡು ಪುಟಗಳು ಇಳಕಲ್ ಕೈಮಗ್ಗ ನೇಕಾರರ ಸಾಲದ ಕುರಿತ 14 ಪುಟಗಳ ವರದಿಯ 6 ಮತ್ತು 7ನೆಯ ಪುಟಗಳು. ಭೇಟಿ, ಸಂದರ್ಶನ ಮತ್ತು ಕರಡು ನನ್ನವು. ಅಂತಿಮ ಪ್ರತಿಯನ್ನು ಮೇಲಧಿಕಾರಿ ತಿದ್ದಿದ್ದಾರೆ. ನೇಕಾರರ ಹೆಸರುಗಳನ್ನು ಬದಲಿಸಿದ್ದೇನೆ. ಜನರ ಮಾತನ್ನು ವರದಿಗೆ ಇಳಿಸುವ ಕೆಲಸ ಎಂದು ನಿಮ್ಮ ಪ್ರಕಟಣೆಯಲ್ಲಿ ಇರುವುದರಿಂದ ಈ ಭಾಗವನ್ನು ಆರಿಸಿದೆ.’

ಇಷ್ಟು ಸಾಕು. ವರದಿ ಎಷ್ಟು ಚೆನ್ನಾಗಿದೆ ಎಂದು ನೀವೇ ಹೊಗಳಬೇಡಿ, ಅದನ್ನು ಓದುವವರು ನೋಡಿಕೊಳ್ಳುತ್ತಾರೆ. 6 ಮತ್ತು 7 ಎಂದು ನಾನು ಊಹಿಸಿ ಬರೆದೆ, ಆದರೆ ಮೊದಲ ಎರಡು ಪುಟ ಮಾತ್ರ ಬೇಡ. ಅಲ್ಲಿ ಉದ್ದೇಶ, ಹಿನ್ನೆಲೆ, ಕೃತಜ್ಞತೆ ಇರುತ್ತವೆ. ಯಾರು ಬರೆದರೂ ಒಂದೇ ಹಾಗೆ. ಒಬ್ಬ ನೇಕಾರನ ಕಥೆ ಆರಂಭವಾಗಿ ಮುಗಿಯುವ ಜಾಗ ಹುಡುಕಿ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಜೋಡಿಸುವ ‘ಕೊಂಡಿ’ಯ ಪ್ರಸ್ತಾಪ ಬಂದಿದ್ದು, ಅದರ ವಿವರಣೆ ನಾಲ್ಕನೆಯ ಪುಟದಲ್ಲಿ ಉಳಿದಿದ್ದರೆ, ಮಾದರಿಯ ತಲೆಯಲ್ಲಿ ಒಂದು ಸಾಲು ಸೇರಿಸಿ.

ಕೇಳಿದವರು: ಅಕ್ಕಾ, ಬೇರೆಯವರು ತಿದ್ದಿದ್ದಾರೆ ಎಂದು ನಾನೇ ಬರೆದರೆ ನನ್ನ ಬೆಲೆ ಇಳಿಯುವುದಿಲ್ಲವೇ?

ಟಿಳಕವಾಡಿಯಿಂದ: ಇಳಿಯುವುದಿಲ್ಲ. ಸಂಸ್ಥೆಯ ವರದಿಗಳು ನಾಲ್ಕು ಕೈ ದಾಟಿಯೇ ಬರುತ್ತವೆ ಎಂಬುದು ನಮಗೆ ಗೊತ್ತು. ಸಂದರ್ಶನದ ದಿನ ಅರ್ಧ ಗಂಟೆ ಕೊಟ್ಟು ಒಂದು ಪುಟ ಬರೆಸುವುದುಂಟು. ಅದನ್ನೂ ಮಾದರಿಯನ್ನೂ ಪಕ್ಕ ಪಕ್ಕ ಇಟ್ಟಾಗ ತಾಳೆಯಾಗದಿದ್ದರೆ ಆಗ ಬೆಲೆ ಇಳಿಯುತ್ತದೆ. ತಿದ್ದುವ ಮೊದಲಿನ ನಿಮ್ಮ ಕರಡು ಉಳಿದಿದ್ದರೆ ಅದನ್ನೇ ಒಪ್ಪಮಾಡಿ ಕಳುಹಿಸಿ. ಆಗ ‘ಇದು ಮೇಲಧಿಕಾರಿ ತಿದ್ದುವ ಮೊದಲಿನ ನನ್ನ ಕರಡು’ ಎಂದು ಆ ಸಾಲನ್ನು ಬದಲಿಸಿ.

ಜಮಖಂಡಿಯಿಂದ: ನನ್ನ ಕಥೆ ಕೇಳಿ. ಮಾದರಿಯನ್ನು ನುಡಿಯಲ್ಲಿ ಟೈಪ್ ಮಾಡಿ ವರ್ಡ್ ಕಡತವನ್ನೇ ಕಳುಹಿಸಿದ್ದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಮೂರು ವಾರ ಕಾದು ಫೋನ್ ಮಾಡಿದರೆ, ‘ನೀವು ಕಳುಹಿಸಿದ್ದು ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ’ ಎಂದರು. ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಮಾಡಿ, ಮೊದಲು ಗೆಳೆಯರೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿ. ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು, ಅದಕ್ಕೇ ಸಾಲು ಸಾಲಾಗಿ ಓದಬೇಕು.

ಗೋಕಾಕದಿಂದ: ಹೆಸರು ಬದಲಿಸಿದರೆ ಮುಗಿಯಿತೇ? ‘ಬಸ್ ನಿಲ್ದಾಣದ ಹಿಂದಿನ ಓಣಿ, ಮೂವರು ಹೆಣ್ಣುಮಕ್ಕಳು, ಎರಡು ಮಗ್ಗ’ ಎಂದಿದ್ದರೆ ಇಳಕಲ್ಲಿನವರಿಗೆ ಮನೆ ತಿಳಿದೇ ತಿಳಿಯುತ್ತದೆ. ಅದೂ ಅಲ್ಲದೆ ವರದಿ ಸಂಸ್ಥೆಯ ಸ್ವತ್ತು. ಅಚ್ಚಾಗಿ ಹೊರಗೆ ಬಂದಿಲ್ಲದಿದ್ದರೆ ಅನುಮತಿ ಕೇಳದೆ ಕಳುಹಿಸಬೇಡಿ.

ನವನಗರದಿಂದ: ಎರಡು ಪುಟಕ್ಕೆ ಅನುಮತಿಯೇ? ಕೇಳಿದರೆ ‘ಬೇಡ’ ಎನ್ನುವುದೇ ಹೆಚ್ಚು.

ಟಿಳಕವಾಡಿಯಿಂದ: ಓಣಿಯ ಗುರುತಿನ ವಿಷಯದಲ್ಲಿ ಗೋಕಾಕದವರು ಹೇಳಿದ್ದು ನನಗೆ ಹೊಳೆದಿರಲಿಲ್ಲ. ಪತ್ರದ ಸಾಲಿನಲ್ಲಿ ‘ಹೆಸರು ಮತ್ತು ಗುರುತಿನ ವಿವರಗಳನ್ನು’ ಎಂದು ಮಾಡಿಕೊಳ್ಳಿ, ಪುಟದಲ್ಲೂ ಹಾಗೆಯೇ ಮಾಡಿ. ಅನುಮತಿ ನಾನಾದರೆ ಕೇಳುತ್ತೇನೆ. ಬೇಡ ಎಂದರೆ, ಎಲ್ಲರಿಗೂ ತೆರೆದಿರುವ ವಿಷಯದ ಮೇಲೆ ಹೊಸದಾಗಿ ಎರಡು ಪುಟ ಬರೆದು ‘ಈ ಅರ್ಜಿಗಾಗಿ ಬರೆದದ್ದು’ ಎಂದು ಹೇಳಿ ಕಳುಹಿಸುತ್ತೇನೆ. ಅದರಲ್ಲಿ ಅವಮಾನವೇನೂ ಇಲ್ಲ.

ಕೇಳಿದವರು: ಹಳೆಯ ಕರಡು ಪೆನ್‌ಡ್ರೈವಿನಲ್ಲಿ ಸಿಕ್ಕಿತು, ಅದೂ ನುಡಿಯಲ್ಲೇ ಇದೆ. ಇಂದು ರಾತ್ರಿ ಬದಲಿಸಲು ಕೂರುತ್ತೇನೆ. ಅನುಮತಿಗೆ ಈಗಷ್ಟೇ ಮಿಂಚಂಚೆ ಹಾಕಿದೆ. ಅರ್ಜಿಗೆ ಶುಕ್ರವಾರವೇ ಕೊನೆಯ ದಿನ; ಅಷ್ಟರಲ್ಲಿ ಉತ್ತರ ಬಾರದಿದ್ದರೆ ಮೌನವನ್ನು ಒಪ್ಪಿಗೆ ಎಂದುಕೊಳ್ಳಬಹುದೇ?

ಗೋಕಾಕದಿಂದ: ಬೇಡ. ಹೊಸ ಎರಡು ಪುಟವನ್ನು ಗುರುವಾರವೇ ಬರೆದಿಟ್ಟುಕೊಳ್ಳಿ.